ಪದದೊಳಗೆ ಅಡಗಿದ ಅಂಗ: ಗುಟ್ಟಿನ ಪದಬಂಧ ಹೆಣೆಯುವ ಬಗೆ



ನಮ್ಮ ಪದಬಂಧದ ಬಗ್ಗೆ ಒಂದು ದೂರು ಮತ್ತೆ ಮತ್ತೆ ಬರುತ್ತದೆ. ಉತ್ತರ ಕರಾವಳಿಯ ತಿಂಡಿಯಾದರೆ ಸೋಲಾಪುರ, ಜತ್ತಿನವರಿಗೆ ಹೊಳೆಯುವುದಿಲ್ಲ. ಬೆಳಗಾವಿ ಕಡೆಯ ಅಡುಗೆಯ ಹೆಸರಾದರೆ ಕಾಸರಗೋಡಿನವರು ಆ ಮನೆಗಳನ್ನು ಖಾಲಿ ಬಿಡುತ್ತಾರೆ. ಹೊಸೂರು, ತಾಳವಾಡಿ, ಮಡಕಶಿರದ ಮಾತು ಇನ್ನೊಂದು ಬಗೆ. ಹೀಗೆಂದು ಎಲ್ಲರಿಗೂ ಗೊತ್ತಿರುವ ಪದಗಳನ್ನೇ ಹಾಕಿದರೆ ಬಿಡಿಸುವುದರಲ್ಲಿ ರುಚಿಯೇ ಉಳಿಯುವುದಿಲ್ಲ. ಇದಕ್ಕೆ ನಾವು ಕಂಡುಕೊಂಡ ದಾರಿ, ಎಲ್ಲ ಉತ್ತರಗಳೊಳಗೂ ಒಂದೇ ಜಾತಿಯ ಪದವನ್ನು ಅಡಗಿಸಿಡುವುದು. ದೇಹದ ಅಂಗಗಳನ್ನೇ ತೆಗೆದುಕೊಂಡು ಅದನ್ನು ಹೆಣೆಯುವ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ.

ಮೊದಲು ಅಡಗುವುದು ಎಂದರೆ ಏನು ಎಂದು ಗೊತ್ತುಮಾಡಿಕೊಳ್ಳಬೇಕು. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಗುಣಿತವೂ ಒತ್ತೂ ಸೊನ್ನೆಯೂ ಆ ಮನೆಯೊಳಗೇ ಇರುತ್ತವೆ. ಹಾಗಾಗಿ ಕಿವಿಗೆ ಕೇಳಿದ್ದೆಲ್ಲ ಮನೆಯಲ್ಲಿ ಸಿಗುವುದಿಲ್ಲ. ‘ಕತ್ತಲೆ’ ಎಂದಾಗ ‘ತಲೆ’ ಕೇಳಿಸುತ್ತದೆ, ಆದರೆ ಮನೆಗಳಲ್ಲಿ ಬರೆದರೆ ಕ, ತ್ತ, ಲೆ. ಅಲ್ಲಿರುವುದು ‘ತ್ತ’, ‘ತ’ ಅಲ್ಲ. ‘ಭುಜಂಗ’ದಲ್ಲಿ ‘ಜಂ’ ಇದೆ, ಆದ್ದರಿಂದ ಭುಜ ಇಲ್ಲ. ‘ಕಣ್ಣೂರು’ ಊರಿನಲ್ಲಿ ‘ಣ್ಣೂ’ ದೀರ್ಘ, ಆದ್ದರಿಂದ ಕಣ್ಣು ಇಲ್ಲ. ‘ಶಕುಂತಲೆ’ಯನ್ನು ನೋಡಿ: ಶ, ಕುಂ, ತ, ಲೆ. ಸೊನ್ನೆ ‘ಕುಂ’ ಮನೆಗೆ ಸೇರಿತು, ಕೊನೆಯ ಎರಡು ಮನೆಗಳಲ್ಲಿ ‘ತಲೆ’ ಶುದ್ಧವಾಗಿ ಕುಳಿತಿದೆ. ಪದ ಹೊಳೆದ ಕೂಡಲೇ ಚೌಕುಳಿ ಹಾಳೆಯಲ್ಲಿ ಅಕ್ಷರ ಬಿಡಿಸಿ ಬರೆದು ನೋಡುವುದು ಇದಕ್ಕಾಗಿಯೇ.

ಇದೇ ಕಾರಣಕ್ಕೆ ಕೆಲವು ಅಂಗಗಳನ್ನು ಮೊದಲೇ ಬದಿಗಿಡಬೇಕಾಗುತ್ತದೆ. ಎದೆ, ಉಗುರು, ಎಲುಬು, ಉದರ ಇವೆಲ್ಲ ಸ್ವರದಿಂದ ಶುರುವಾಗುತ್ತವೆ. ಪದದ ನಡುವೆ ಬಂದ ಸ್ವರ ಹಿಂದಿನ ವ್ಯಂಜನದೊಡನೆ ಕೂಡಿಬಿಡುತ್ತದೆ. ‘ದಾಮೋದರ’ನಲ್ಲಿ ಉದರ ಇರುವುದು ಎಲ್ಲರಿಗೂ ಗೊತ್ತು, ಆದರೆ ಮನೆಗಳಲ್ಲಿ ಸಿಗುವುದು ದಾ, ಮೋ, ದ, ರ. ‘ಉ’ ‘ಮೋ’ದೊಳಗೆ ಕರಗಿಹೋಯಿತು. ಇಂಥ ಅಂಗ ಪದದ ಮೊದಲಲ್ಲಿ ಮಾತ್ರ ಅಡಗಬಲ್ಲದು.

ಎರಡನೆಯ ನಿಯಮ, ಒಳಗಿನ ಪದಕ್ಕೂ ಹೊರಗಿನ ಪದಕ್ಕೂ ಅರ್ಥದ ನಂಟು ಇರಬಾರದು. ತಲೆದಿಂಬು, ಹಣೆಬರಹ, ಕೈಗವಸು ಇವುಗಳಲ್ಲಿ ಅಂಗ ಅಡಗಿಲ್ಲ, ಎದುರಿಗೇ ನಿಂತಿದೆ. ‘ಉಪನಯನ’ ಹಾಗಲ್ಲ. ಅದನ್ನು ಸಾವಿರ ಸಲ ಆಮಂತ್ರಣ ಪತ್ರಿಕೆಯಲ್ಲಿ ಓದಿದವರೂ ಅದರೊಳಗಿನ ‘ನಯನ’ವನ್ನು ಗಮನಿಸಿರುವುದಿಲ್ಲ. ಕಂಡಾಗ ಓದುಗರು ‘ಅರೆ!’ ಎನ್ನಬೇಕು.

ಹೀಗೆ ಸೋಸಿ ಉಳಿದ ಪದಗಳನ್ನು ಮನಬಂದಂತೆ ಜೋಡಿಸದೆ, ಅಡಗಿದ ಅಂಗಗಳು ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಇಡುತ್ತೇವೆ. ಆವರಣದಲ್ಲಿರುವುದು ಅಕ್ಷರಗಳ ಸಂಖ್ಯೆ.

1. ಕಣ್ವರ ಆಶ್ರಮದಲ್ಲಿ ಬೆಳೆದವಳು, ಭರತನ ತಾಯಿ (4): ಶಕುಂತಲೆ
2. ವಹಿಸಿಕೊಂಡ ಹೊಣೆಯನ್ನು ನಡೆಸಿಕೊಂಡು ಹೋಗುವುದು (4): ನಿರ್ವಹಣೆ
3. ವಟುವಿಗೆ ಜನಿವಾರ ಹಾಕುವ ಸಂಸ್ಕಾರ (5): ಉಪನಯನ
4. ಗಿರಿಧರನನ್ನು ಹಾಡಿದ ರಜಪೂತ ಭಕ್ತೆ (4): ಮೀರಾಬಾಯಿ
5. ಸಂತೆಯ ದಿನ ದೂರದಿಂದಲೇ ಕೇಳುವುದು (3): ಗದ್ದಲ
6. ವೇದಿಕೆಯ ಭಾಷಣದಲ್ಲಿ ‘ದಮ್ಮು’ ಎಂಬುದರ ಜೊತೆಗಾರ (3): ತಾಕತ್ತು
7. ಕೇಶಿರಾಜನ ‘ಶಬ್ದಮಣಿದರ್ಪಣ’ದ ವಿಷಯ (4): ವ್ಯಾಕರಣ
8. ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಹಿಟ್ಟು ಬಳಿದು ಮಾಡುವ ಮಲೆನಾಡಿನ ಸಿಹಿ (4): ತೊಡೆದೇವು
9. ಮನಸ್ಸಿನಲ್ಲೇ ತಿನ್ನುವ ಸಿಹಿ (3): ಮಂಡಿಗೆ
10. ಪತ್ರಿಕೆಯ ಹೊಣೆ ಹೊತ್ತವರು (4): ಸಂಪಾದಕ

ಒಳಗಿನ ಪದಗಳನ್ನು ಸಾಲಾಗಿ ಓದಿ: ತಲೆ, ಹಣೆ, ನಯನ, ಬಾಯಿ, ಗದ್ದ, ಕತ್ತು, ಕರ, ತೊಡೆ, ಮಂಡಿ, ಪಾದ. ಒಬ್ಬ ಮನುಷ್ಯ ತಲೆಯಿಂದ ಪಾದದವರೆಗೆ ಎದುರು ನಿಂತಂತಾಯಿತು.

ಈ ಕ್ರಮ ಬರೀ ಚಂದಕ್ಕಲ್ಲ. ಕಾಸರಗೋಡಿನ ಒಬ್ಬರು ಪದಬಂಧ ಬಿಡಿಸುತ್ತಿದ್ದಾರೆ ಎನ್ನಿ. ಅವರಿಗೆ 1, 3, 4 ಬೇಗ ಸಿಗುತ್ತವೆ. ತಲೆ, ನಯನ, ಬಾಯಿ ಕಂಡ ಮೇಲೆ ಗುಟ್ಟೂ ಬಯಲಾಗುತ್ತದೆ, ಇಳಿಯುವ ಕ್ರಮವೂ ತಿಳಿಯುತ್ತದೆ. ಒಂಬತ್ತನೆಯ ಸುಳಿವು ಅವರಿಗೆ ಕಷ್ಟ, ಏಕೆಂದರೆ ಬೆಳಗಾವಿ ಕಡೆಯ ಮದುವೆ ಊಟದ ಆ ತೆಳ್ಳನೆಯ ಸಿಹಿಯನ್ನು ಅವರು ತಿಂದಿಲ್ಲ. ಆದರೆ ಹಿಂದಿನದು ತೊಡೆ, ಮುಂದಿನದು ಪಾದ. ನಡುವಿನ ಅಂಗ ಮಂಡಿಯೇ ಇರಬೇಕು, ಪದ ಮೂರಕ್ಷರದ್ದು. ಅಲ್ಲಿಂದ ‘ಮಂಡಿಗೆ’ಗೆ ಒಂದೇ ಹೆಜ್ಜೆ. ಸೋಲಾಪುರದವರು ‘ತೊಡೆದೇವು’ ತಲುಪುವುದೂ ಇದೇ ದಾರಿಯಲ್ಲಿ. ಊರಿನ ತಿಳಿವಳಿಕೆ ಇಲ್ಲದ ಕಡೆ ಗುಟ್ಟೇ ಎರಡನೆಯ ಸುಳಿವಾಗುತ್ತದೆ. ಆದ್ದರಿಂದ ಒಂದು ಪ್ರದೇಶಕ್ಕಷ್ಟೇ ಗೊತ್ತಿರುವ ಪದಗಳನ್ನು ಪಟ್ಟಿಯ ಕೊನೆಯ ಭಾಗಕ್ಕೆ ಇಡಬೇಕು. ಮೊದಲ ನಾಲ್ಕೈದು ಎಲ್ಲ ಊರಿಗೂ ಪರಿಚಿತವಾಗಿರಬೇಕು. ಅಂಗ ಅಡಗಿರುವ ಮನೆಗಳಿಗೆ ದಪ್ಪ ಗೆರೆ ಹಾಕಿದರೆ ಇನ್ನೂ ಅನುಕೂಲ.

ಅಂಗದ ಹೆಸರೂ ಗಡಿ ದಾಟಿದಾಗ ಬದಲಾಗುತ್ತದೆ, ಅದನ್ನೂ ನೋಡಿಕೊಳ್ಳಬೇಕು. ‘ಗಲ್ಲ’ ಎಂದರೆ ಕೆಲವು ಕಡೆ ಕೆನ್ನೆ, ಕೆಲವು ಕಡೆ ಗದ್ದ. ಅದನ್ನು ಇಳಿಯುವ ಸಾಲಿನಲ್ಲಿ ಎಲ್ಲಿಡುವುದು? ನಾವು ‘ಗದ್ದ’ವನ್ನೇ ಆರಿಸಿದ್ದು ಇದಕ್ಕಾಗಿ. ‘ಮಂಡಿ’ಯಲ್ಲೂ ಸ್ವಲ್ಪ ತೊಡಕಿದೆ: ಮರಾಠಿಯ ‘ಮಾಂಡಿ’ ಎಂದರೆ ತೊಡೆ, ತಮಿಳಿನ ‘ಮಂಡೈ’ ಎಂದರೆ ತಲೆ. ಹಿಂದೆಯೇ ‘ತೊಡೆ’ ಬಂದುಹೋಗಿರುವುದರಿಂದ, ಇಲ್ಲಿ ಕನ್ನಡದ ಮೊಣಕಾಲೇ ಎಂಬುದು ಸ್ಪಷ್ಟವಾಗುತ್ತದೆ.

ಕೊನೆಯ ತಪಾಸಣೆ ಸುಳಿವುಗಳದ್ದು. ಸುಳಿವಿನಲ್ಲಿ ಯಾವ ಅಂಗದ ಹೆಸರೂ ಇರಬಾರದು, ಇದ್ದರೆ ಓದುಗರು ಅದರ ಬೆನ್ನು ಹತ್ತುತ್ತಾರೆ. ಆದರೆ ನಮ್ಮ ಮಾತಿನ ತುಂಬ ಅಂಗಗಳೇ. ‘ನಿರ್ವಹಣೆ’ಗೆ ಸುಳಿವು ಬರೆಯಲು ಕುಳಿತರೆ ‘ಕೈಗೆತ್ತಿಕೊಂಡ ಕೆಲಸ’ ಎಂದೇ ಮೊದಲು ಬರುತ್ತದೆ. ಅದಕ್ಕೇ ಮೇಲೆ ‘ವಹಿಸಿಕೊಂಡ ಹೊಣೆ’ ಎಂದಿದೆ. ಬರೆದು ಮುಗಿದ ಮೇಲೆ, ಅಂಗಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ಪ್ರತಿ ಸುಳಿವನ್ನೂ ಒಮ್ಮೆ ಓದಬೇಕು. ಆಮೇಲೆ ಬೇರೆ ಗಡಿಯ ಊರಿನ ಒಬ್ಬರಿಗೆ ಉತ್ತರವಿಲ್ಲದ ಪ್ರತಿ ಕೊಡಬೇಕು. ಅವರು ಐದು ಬಿಡಿಸಿದ ಮೇಲೂ ಗುಟ್ಟು ಹಿಡಿಯದಿದ್ದರೆ ಮೊದಲ ಪದಗಳು ಕಷ್ಟವಾಗಿವೆ ಎಂದರ್ಥ. ಎರಡಕ್ಕೇ ಹಿಡಿದರೆ ಅಂಗಗಳು ಸರಿಯಾಗಿ ಅಡಗಿಲ್ಲ.

ಸದಸ್ಯರಿಗೆ ಮೂರು ಬಿಡಿ ಸುಳಿವುಗಳು. ಇವುಗಳಲ್ಲೂ ದೇಹಕ್ಕೆ ಸೇರಿದ್ದೇ ಅಡಗಿದೆ, ಮೂರೂ ಮೂರಕ್ಷರದವು.

ಅ. ಮಾಘ, ಫಾಲ್ಗುಣ ಮಾಸಗಳ ಋತು
ಆ. ಮಂಡೋದರಿಯ ಪತಿ
ಇ. ರಾಮನಿಗಾಗಿ ಸೇತುವೆ ಕಟ್ಟಿದವ

ಉತ್ತರಗಳ ಜೊತೆ, ನಿಮ್ಮ ಊರಿನವರೇ ಬಳಸುವ ಒಂದು ಪದವನ್ನೂ ಅದರೊಳಗೆ ಅಡಗಿದ ಅಂಗವನ್ನೂ ಬರೆದು ಕಳಿಸಿ. ಹತ್ತು ಊರುಗಳಿಂದ ಹತ್ತು ಪದ ಬಂದರೆ ರಾಜ್ಯೋತ್ಸವದ ಪದಬಂಧವನ್ನು ಅವುಗಳಿಂದಲೇ ಹೆಣೆಯುತ್ತೇವೆ.

ಸಂಘದ ಪರವಾಗಿ,
ಕಾರ್ಯದರ್ಶಿ