ಜಮಖಂಡಿಯ ಕಿತ್ತಳೆ ರೇಖೆ

1868ನೆಯ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ಹಾಯ್ದು ಹೋಯಿತು. ಅಂದು ಮುಂಬಯಿ ಸರಕಾರದ ಮೇಲ್ವಿಚಾರಣೆಗೆ ಒಳಪಟ್ಟಿದ್ದು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯಲ್ಲಿ, ಭೂಮಾಪನ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲನು ರೋಹಿತದರ್ಶಕವನ್ನು ಸಜ್ಜುಗೊಳಿಸಿಕೊಂಡು ಕಾದಿದ್ದನು. ಮೋಡಗಳ ಎಡೆಯಲ್ಲಿ ದೊರೆತ ಅಲ್ಪಾವಕಾಶದಲ್ಲಿ ಸೂರ್ಯನ ಅಂಚಿನಿಂದ ಮೇಲೆದ್ದ ಜ್ವಾಲೆಯ ಬೆಳಕನ್ನು ಅವನು ಒಡೆದು ನೋಡಿದಾಗ ಮೂರು ಉಜ್ಜ್ವಲ ರೇಖೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಕಿತ್ತಳೆಯದು ಸೋಡಿಯಮ್ಮಿನ ‘ಡಿ’ ರೇಖೆಯೆಂದು ಅವನು ನಿಶ್ಚಯಿಸಿದನು; ಉಳಿದೆರಡರ ಸ್ಥಾನವನ್ನು ಖಚಿತವಾಗಿ ಹೇಳಲು ಹಿಂಜರಿದನು. ವಿಚಿತ್ರವೆಂದರೆ, ಅವನು ನಿಶ್ಚಯಿಸಿದ್ದೇ ತಪ್ಪಾಯಿತು.

ಈ ಮೂರರಲ್ಲಿ ಜಲಜನಕಕ್ಕೆ ಸೇರಿದವು ಯಾವುವು? ಇಂದು ಕಾಲೇಜಿನ ವಿದ್ಯಾರ್ಥಿಯೂ ಇದನ್ನು ಕಾಗದದ ಮೇಲೆಯೇ ತೀರ್ಮಾನಿಸಬಲ್ಲನು. ಅದಕ್ಕೆ ಬೇಕಾದ ಸೂತ್ರವನ್ನು ಬೋರ್ ಎಂಬ ವಿಜ್ಞಾನಿಯು 1913ರಲ್ಲಿ ಒದಗಿಸಿದನು. ಜಲಜನಕದ ಪರಮಾಣುವಿನಲ್ಲಿರುವ ಒಂದೇ ಎಲೆಕ್ಟ್ರಾನು ಮನಬಂದ ಶಕ್ತಿಯನ್ನು ಹೊಂದಿರಲಾರದು. ಅದಕ್ಕೆ ಗೊತ್ತಾದ ಮಟ್ಟಗಳಿವೆ. 1, 2, 3 ಎಂಬ ಪೂರ್ಣಾಂಕಗಳಲ್ಲಿ ಒಂದನ್ನು n ಎಂದು ಕರೆದರೆ, ಆ ಮಟ್ಟದ ಶಕ್ತಿಯು ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಹೀಗಿರುತ್ತದೆ:

E = −13.6 / n²

ಋಣಚಿಹ್ನೆಯ ಅರ್ಥವಿಷ್ಟೆ: ಎಲೆಕ್ಟ್ರಾನು ಪರಮಾಣುವಿಗೆ ಬಿಗಿದುಕೊಂಡಿದೆ, ಬಿಡಿಸಲು ಅಷ್ಟು ಶಕ್ತಿಯನ್ನು ಹೊರಗಿನಿಂದ ತೆರಬೇಕು. ಮೊದಲ ನಾಲ್ಕು ಮಟ್ಟಗಳು ಕ್ರಮವಾಗಿ −13.6, −3.40, −1.51 ಮತ್ತು −0.85. ಎಲೆಕ್ಟ್ರಾನು ಮೇಲಿನ ಮಟ್ಟದಿಂದ ಕೆಳಗಿಳಿದಾಗ ಎರಡು ಮಟ್ಟಗಳ ವ್ಯತ್ಯಾಸವು ಬೆಳಕಾಗಿ ಹೊರಬೀಳುತ್ತದೆ. 1240 ಎಂಬ ಸಂಖ್ಯೆಯನ್ನು ಆ ವ್ಯತ್ಯಾಸದಿಂದ ಭಾಗಿಸಿದರೆ ಬೆಳಕಿನ ತರಂಗಾಂತರವು ನ್ಯಾನೊಮೀಟರುಗಳಲ್ಲಿ ದೊರೆಯುತ್ತದೆ.

ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಇಳಿದಾಗ ವ್ಯತ್ಯಾಸ 1.89, ತರಂಗಾಂತರ 656. ಇದು ಕೆಂಪು ರೇಖೆ. ನಾಲ್ಕರಿಂದ ಎರಡಕ್ಕೆ ಇಳಿದಾಗ ವ್ಯತ್ಯಾಸ 2.55, ತರಂಗಾಂತರ 486. ಇದು ನೀಲಿ ರೇಖೆ. ಅಳೆದು ಕಂಡುಕೊಂಡ ಬೆಲೆಗಳು 656.3 ಮತ್ತು 486.1. ಲೆಕ್ಕಕ್ಕೂ ನೋಟಕ್ಕೂ ತಾಳೆ ಬೀಳುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಒಂದು ಸ್ಥಳವಿದೆ. ವ್ಯತ್ಯಾಸವನ್ನು ತೆಗೆಯದೆ, ಮೂರನೆಯ ಮಟ್ಟದ 1.51ರಿಂದಲೇ ಭಾಗಿಸಿಬಿಡುತ್ತಾರೆ. ಆಗ ಬರುವ ಉತ್ತರ 821. ಅದು ಕಣ್ಣಿಗೆ ಕಾಣದ ಅವರಕ್ತ ಕಿರಣ. ಕೆಂಪು ರೇಖೆಯನ್ನು ಹುಡುಕುತ್ತಿರುವವನಿಗೆ ತಪ್ಪಾಯಿತೆಂಬುದಕ್ಕೆ ಇಷ್ಟೇ ಸೂಚನೆ ಸಾಕು. ಬೆಳಕು ಹೇಳುವುದು ಖಾತೆಯಲ್ಲಿ ಉಳಿದ ಬಾಕಿಯನ್ನಲ್ಲ, ಎರಡು ಬಾಕಿಗಳ ಅಂತರವನ್ನು.

ಇನ್ನು ಕಿತ್ತಳೆ ರೇಖೆ. ಅದರ ತರಂಗಾಂತರ 587.6, ಅಂದರೆ ಶಕ್ತಿ 2.11. ಎರಡನೆಯ ಮಟ್ಟಕ್ಕೆ ಇಳಿಯುವ ಎಲೆಕ್ಟ್ರಾನಿನಿಂದ ಇದು ಬರಬೇಕಾದರೆ, ಅದು −1.29 ಶಕ್ತಿಯ ಮಟ್ಟದಿಂದ ಹೊರಟಿರಬೇಕು. 13.6ನ್ನು 1.29ರಿಂದ ಭಾಗಿಸಿದರೆ 10.5; ಅದರ ವರ್ಗಮೂಲ ಸುಮಾರು 3.25. ಮೂರಕ್ಕೂ ನಾಲ್ಕಕ್ಕೂ ನಡುವೆ ಮಟ್ಟವೇ ಇಲ್ಲ. ಒಂದನೆಯ ಮಟ್ಟಕ್ಕೆ ಇಳಿಯುವಾಗ ವ್ಯತ್ಯಾಸವು 10.2ಕ್ಕಿಂತ ಕಡಿಮೆಯಾಗದು, ಮೂರನೆಯದಕ್ಕೋ ಅದರ ಮೇಲಿನವಕ್ಕೋ ಇಳಿಯುವಾಗ 1.51ನ್ನು ಮೀರದು. ಆದುದರಿಂದ ಎಲ್ಲ ದಾರಿಗಳೂ ಮುಚ್ಚಿದಂತಾಯಿತು: ಕಿತ್ತಳೆ ರೇಖೆಯು ಜಲಜನಕದ್ದಲ್ಲ.

ಆದರೆ ಈ ಲೆಕ್ಕವು ಯಾರದಲ್ಲವೆಂಬುದನ್ನು ಹೇಳೀತೇ ಹೊರತು ಯಾರದೆಂಬುದನ್ನು ಹೇಳಲಾರದು. ಸೋಡಿಯಮ್ಮಿನ ಜೋಡಿ ರೇಖೆಗಳಿರುವುದು 589.0 ಮತ್ತು 589.6ರಲ್ಲಿ. ಹತ್ತಿರದ ರೇಖೆಗೂ ಕಿತ್ತಳೆ ರೇಖೆಗೂ ಇರುವ ಅಂತರ ಕೇವಲ 1.4 ನ್ಯಾನೊಮೀಟರು. ಅವಸರದ ನೋಟದಲ್ಲಿ ಅಷ್ಟು ಸಣ್ಣ ಅಂತರ ತಪ್ಪಿಹೋದುದು ಸಹಜವೇ. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರನು ಗ್ರಹಣವಿಲ್ಲದೆಯೇ ಜ್ವಾಲೆಗಳ ರೇಖೆಗಳನ್ನು ಕಂಡನು. ಕಿತ್ತಳೆ ರೇಖೆಯು ಸೋಡಿಯಮ್ಮಿನ ಸ್ಥಾನದಿಂದ ಸರಿದಿರುವುದು ಆಗ ತಿಳಿಯಿತು. ಅದರ ಒಡೆಯನಾದ ಹೊಸ ಧಾತುವಿಗೆ ಹೀಲಿಯಮ್ ಎಂಬ ಹೆಸರು ಬಂದಿತು. 1895ರಲ್ಲಿ ರಾಮ್ಸೆಯು ಭೂಮಿಯ ಒಂದು ಖನಿಜದಿಂದ ಹೊರಟ ಅನಿಲದಲ್ಲಿ ಅದೇ ರೇಖೆಯನ್ನು ಕಂಡುಹಿಡಿದನು.

ಬೋರನ ಸೂತ್ರದ ಎಲ್ಲೆಯೂ ಇಲ್ಲಿಯೇ ಇದೆ. ಹೀಲಿಯಮ್ಮಿನಲ್ಲಿ ಎರಡು ಎಲೆಕ್ಟ್ರಾನುಗಳಿದ್ದು, ಅವು ಒಂದನ್ನೊಂದು ದೂಡುತ್ತವೆ. ಆದುದರಿಂದ ಈ ಸರಳ ಭಾಗಾಕಾರದಿಂದ ಅದರ ಕಿತ್ತಳೆ ರೇಖೆಯನ್ನು ಪಡೆಯಲಾಗದು. ಜಮಖಂಡಿಯಲ್ಲಿ ಕಂಡ ಮೂರು ರೇಖೆಗಳಲ್ಲಿ ಎರಡು ಈ ಸೂತ್ರಕ್ಕೆ ಒಳಗಾದವು. ಮೂರನೆಯದು ಅದರ ಹೊರಗೆ ನಿಂತಿತು.