ಹೆರಿಗೆ ರಜೆಯ ವೇತನ: ಸರಾಸರಿ ದಿನವೇತನದ ಲೆಕ್ಕಾಚಾರ

ಹೆರಿಗೆ ರಜೆಯ ಅವಧಿ ಇಪ್ಪತ್ತಾರು ವಾರಗಳೆಂಬುದು ಇಂದು ಬಹುತೇಕ ಎಲ್ಲ ಉದ್ಯಮಿಗಳಿಗೂ ತಿಳಿದಿರುವ ವಿಷಯ. ಆದರೆ ಆ ಅವಧಿಗೆ ಪಾವತಿಸಬೇಕಾದ ಹಣವನ್ನು ಲೆಕ್ಕ ಹಾಕುವಾಗ ಸಣ್ಣ ಘಟಕಗಳಲ್ಲಿ ಒಂದೇ ಬಗೆಯ ತಪ್ಪು ಮರುಕಳಿಸುತ್ತದೆ. ಆರು ತಿಂಗಳ ಸಂಬಳವನ್ನು ಕೊಟ್ಟರೆ ಸಾಕೆಂದು ಭಾವಿಸುವವರುಂಟು. ಭಾನುವಾರಗಳನ್ನು ಬಿಟ್ಟು ಕೆಲಸದ ದಿನಗಳಿಗೆ ಮಾತ್ರ ಹಣ ನೀಡುವವರೂ ಉಂಟು. ದಿನಗೂಲಿ ಅಥವಾ ತುಂಡುಗೂಲಿಯ ಆಧಾರದ ಮೇಲೆ ದುಡಿಯುವ ಮಹಿಳೆಯರ ವಿಷಯದಲ್ಲಿ ಈ ಎರಡು ಕ್ರಮಗಳೂ ಕಾನೂನಿಗೆ ಅನುಗುಣವಾದುವಲ್ಲ.

ಈಗಿನ ಕಾನೂನು

1961ರ ಹೆರಿಗೆ ಸೌಲಭ್ಯ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ಹೆರಿಗೆ ಸೌಲಭ್ಯದ ವಿಚಾರಗಳು ಈ ಸಂಹಿತೆಯ ಆರನೆಯ ಅಧ್ಯಾಯದಲ್ಲಿವೆ. ಕಾರ್ಖಾನೆ, ಗಣಿ ಮತ್ತು ತೋಟಗಳಿಗೂ, ಹತ್ತು ಅಥವಾ ಹೆಚ್ಚು ಜನರು ಕೆಲಸ ಮಾಡುವ ಅಂಗಡಿ ಹಾಗೂ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ನೌಕರರ ರಾಜ್ಯ ವಿಮಾ ಯೋಜನೆಗೆ, ಅಂದರೆ ಇಎಸ್‌ಐಗೆ, ಒಳಪಟ್ಟ ಮಹಿಳೆಗೆ ಈ ಹಣವನ್ನು ವಿಮಾ ನಿಗಮವೇ ಕೊಡುತ್ತದೆ. ಮಾಲೀಕರ ಹೊಣೆ ವಂತಿಗೆಗೆ ಸೀಮಿತ. ಆ ಯೋಜನೆಯ ಹೊರಗಿರುವ ಮಹಿಳೆಯ ವಿಷಯದಲ್ಲಿ ಪೂರ್ಣ ಮೊತ್ತ ಮಾಲೀಕರ ಕೈಯಿಂದಲೇ ಹೋಗಬೇಕಾಗುತ್ತದೆ. ಆದುದರಿಂದ ಲೆಕ್ಕದ ತಪ್ಪು ನೇರವಾಗಿ ಅವರಿಗೇ ತಟ್ಟುತ್ತದೆ.

ನಿರೀಕ್ಷಿತ ಹೆರಿಗೆಯ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಕನಿಷ್ಠ 80 ದಿನ ಆ ಸಂಸ್ಥೆಯಲ್ಲಿ ಕೆಲಸ ಮಾಡಿರುವ ಮಹಿಳೆಗೆ ಈ ಹಕ್ಕು ಲಭಿಸುತ್ತದೆ. ಕೆಲಸವಿಲ್ಲದೆ ಲೇ-ಆಫ್‌ನಲ್ಲಿದ್ದ ದಿನಗಳನ್ನೂ, ಕಾನೂನಿನ ಪ್ರಕಾರ ವೇತನಸಹಿತವಾಗಿ ನೀಡಿದ ರಜಾದಿನಗಳನ್ನೂ ಈ ಎಂಬತ್ತರಲ್ಲಿ ಸೇರಿಸಿಕೊಳ್ಳಬೇಕು.

ಸರಾಸರಿ ಎಂದರೇನು?

ಮಹಿಳೆಯು ಹೆರಿಗೆಯ ಕಾರಣಕ್ಕಾಗಿ ಯಾವ ದಿನದಿಂದ ಗೈರುಹಾಜರಾಗುವಳೋ ಆ ದಿನಕ್ಕೆ ನಿಕಟಪೂರ್ವದ ಮೂರು ಕ್ಯಾಲೆಂಡರ್ ತಿಂಗಳುಗಳನ್ನು ಗಣನೆಗೆ ತೆಗೆದುಕೊಳ್ಳಬೇಕು. ಆ ಅವಧಿಯಲ್ಲಿ ಅವಳು ಕೆಲಸ ಮಾಡಿದ ದಿನಗಳಿಗೆ ಸಲ್ಲಬೇಕಾದ ವೇತನವನ್ನು ಒಟ್ಟುಗೂಡಿಸಿ, ಕೆಲಸ ಮಾಡಿದ ದಿನಗಳ ಸಂಖ್ಯೆಯಿಂದಲೇ ಭಾಗಿಸಿದಾಗ ಬರುವುದು ಸರಾಸರಿ ದಿನವೇತನ. ಇದು ವೇತನ ಸಂಹಿತೆ, 2019ರಡಿ ನಿಗದಿಯಾದ ಕನಿಷ್ಠ ವೇತನಕ್ಕಿಂತ ಕಡಿಮೆಯಿರಬಾರದು. ಅವಳು ರಜೆ ಹಾಕಿದ ದಿನಗಳು ಭಾಜಕದೊಳಗೆ ಬರುವುದಿಲ್ಲ. ಮೂರು ತಿಂಗಳ ಗಳಿಕೆಯನ್ನು 90 ಅಥವಾ 92ರಿಂದ ಭಾಗಿಸುವುದು ಇದೇ ಕಾರಣದಿಂದ ತಪ್ಪಾಗುತ್ತದೆ.

ಒಂದು ಉದಾಹರಣೆ

ಸಿದ್ಧ ಉಡುಪಿನ ಘಟಕವೊಂದರಲ್ಲಿ ತುಂಡುಗೂಲಿಯ ಮೇಲೆ ಹೊಲಿಗೆ ಮಾಡುವ ನುರಿತ ಕೆಲಸಗಾರ್ತಿಯೊಬ್ಬಳಿರುವಳೆಂದು ಭಾವಿಸೋಣ. ವೇತನವು ತಿಂಗಳಿಗೆ 21,000 ರೂಪಾಯಿಯ ಮಿತಿಯನ್ನು ಮೀರಿರುವುದರಿಂದ ಅವಳು ಇಎಸ್‌ಐ ವ್ಯಾಪ್ತಿಯಲ್ಲಿಲ್ಲ. ಇದು ಅವಳ ಮೊದಲ ಹೆರಿಗೆ. ವೈದ್ಯರು ಸೂಚಿಸಿದ ದಿನ ಜುಲೈ 20. ಅವಳು ಜೂನ್ 1ರಿಂದ ರಜೆಯ ಮೇಲೆ ಹೋಗುತ್ತಾಳೆ. ಹಿಂದಿನ ಮೂರು ತಿಂಗಳ ವಿವರ ಹೀಗಿದೆ:

ಮಾರ್ಚ್: 25 ದಿನ, 24,750 ರೂ.
ಏಪ್ರಿಲ್: 22 ದಿನ, 21,560 ರೂ.
ಮೇ: 23 ದಿನ, 23,690 ರೂ.
ಒಟ್ಟು: 70 ದಿನ, 70,000 ರೂ.

ಮೇ ತಿಂಗಳಲ್ಲಿ ದೊರೆತ ಹೆಚ್ಚುವರಿ ಅವಧಿಯ ಭತ್ಯೆಯನ್ನು ಈ ಮೊತ್ತಕ್ಕೆ ಸೇರಿಸಿಲ್ಲ. ಸಂಹಿತೆಯ ಅರ್ಥದಲ್ಲಿ ಅದು ವೇತನವಲ್ಲ. ಕಾರ್ಮಿಕ ದಿನದ ರಜೆಗೆ ಕೊಟ್ಟ ಹಣವೂ ಇಲ್ಲಿಲ್ಲ, ಆ ದಿನವೂ ಎಪ್ಪತ್ತರಲ್ಲಿಲ್ಲ. 70,000ವನ್ನು 70ರಿಂದ ಭಾಗಿಸಿದರೆ ಸರಾಸರಿ ದಿನವೇತನ 1,000 ರೂಪಾಯಿ.

ಇನ್ನು ಗುಣಿಸಬೇಕಾದ ದಿನಗಳ ಸಂಖ್ಯೆ. ಇಪ್ಪತ್ತಾರು ವಾರಗಳೆಂದರೆ 182 ದಿನಗಳು. ಆದುದರಿಂದ ಅವಳಿಗೆ ಸಲ್ಲಬೇಕಾದ ಮೊತ್ತ 1,82,000 ರೂಪಾಯಿ. ರಜೆ ನವೆಂಬರ್ 29ಕ್ಕೆ ಮುಗಿಯುತ್ತದೆ. ವಾರಕ್ಕೆ ಆರು ದಿನವೆಂದು 156 ದಿನಗಳಿಗೆ ಮಾತ್ರ ಲೆಕ್ಕ ಹಾಕಿದ್ದರೆ 1,56,000 ರೂಪಾಯಿ ಆಗುತ್ತಿತ್ತು. ತಿಂಗಳ ಸರಾಸರಿ ಗಳಿಕೆಯನ್ನು ಆರರಿಂದ ಗುಣಿಸಿದ್ದರೆ 1,40,000. ಮೊದಲನೆಯದರಲ್ಲಿ 26,000, ಎರಡನೆಯದರಲ್ಲಿ 42,000 ರೂಪಾಯಿಗಳಷ್ಟು ಕಡಿಮೆ ಪಾವತಿಯಾಗುತ್ತಿತ್ತು.

ಭಾನುವಾರದ ಪ್ರಶ್ನೆ

ವಾರಕ್ಕೆ ಆರು ದಿನ ದುಡಿಯುವವಳಿಗೆ ಏಳು ದಿನಗಳ ಹಣವೇಕೆ ಎಂಬ ಪ್ರಶ್ನೆ ಸಹಜ. ಇದು ಕೊಯಮತ್ತೂರು ಭಾಗದ ತೋಟದ ಕಾರ್ಮಿಕ ಮಹಿಳೆಯೊಬ್ಬಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಂದಿನ ಹನ್ನೆರಡು ವಾರಗಳ ರಜೆಗೆ ಮಾಲೀಕರು 72 ದಿನಗಳ ವೇತನ ಕೊಟ್ಟಿದ್ದರು. ಅವಳು 84 ದಿನಗಳ ವೇತನ ಕೇಳಿದ್ದಳು. ಬಿ. ಷಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1977ರಲ್ಲಿ ತೀರ್ಪಿತ್ತ ನ್ಯಾಯಾಲಯವು, ವಾರವೆಂದರೆ ಭಾನುವಾರವನ್ನೂ ಒಳಗೊಂಡ ಏಳು ದಿನಗಳ ಆವರ್ತವೆಂದೂ, ವೇತನವಿಲ್ಲದ ವಾರದ ರಜೆಯ ದಿನಕ್ಕೂ ಸೌಲಭ್ಯ ಸಲ್ಲಬೇಕೆಂದೂ ಹೇಳಿತು. ತೀರ್ಪು ಹಳೆಯ ಕಾಯಿದೆಯಡಿ ಬಂದುದಾದರೂ, “ವಾಸ್ತವಿಕ ಗೈರುಹಾಜರಿಯ ಅವಧಿಗೆ ಸರಾಸರಿ ದಿನವೇತನದ ದರದಲ್ಲಿ” ಎಂಬ ಅಳತೆಗೋಲನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ.

ಯಾವ ಹಣ ವೇತನ?

ಹೊಸ ಸಂಹಿತೆಯಿಂದ ಮುಖ್ಯವಾಗಿ ಬದಲಾದುದು ಇದೇ. ಹಳೆಯ ಕಾಯಿದೆಯಲ್ಲಿ ತುಟ್ಟಿಭತ್ಯೆಯ ಜೊತೆಗೆ ಮನೆ ಬಾಡಿಗೆ ಭತ್ಯೆಯೂ ವೇತನದಲ್ಲಿ ಸೇರುತ್ತಿತ್ತು. ಈಗ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಹೆಚ್ಚುವರಿ ಅವಧಿಯ ಭತ್ಯೆ, ಕಮಿಷನ್ ಮುಂತಾದುವು ವೇತನದಿಂದ ಹೊರಗೆ. ಆದರೆ ಹೀಗೆ ಹೊರಗಿಟ್ಟ ಬಾಬುಗಳ ಮೊತ್ತವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ತಿಂಗಳಿಗೆ 50,000 ಪಡೆಯುವ ಉದ್ಯೋಗಿಯ ಮೂಲವೇತನ ಮತ್ತು ತುಟ್ಟಿಭತ್ಯೆ 20,000, ಬಾಡಿಗೆ ಮತ್ತು ಪ್ರಯಾಣ ಭತ್ಯೆ 30,000 ಎಂದಿಟ್ಟುಕೊಂಡರೆ, ಅರ್ಧವಾದ 25,000ವನ್ನು ಮೀರಿದ 5,000 ವೇತನಕ್ಕೆ ಸೇರಿ ಅದು 25,000 ಆಗುತ್ತದೆ. ಭತ್ಯೆಗಳನ್ನು ಹಿಗ್ಗಿಸಿ ಮೂಲವೇತನವನ್ನು ಕುಗ್ಗಿಸುವುದರಿಂದ ಸಿಗುವ ಉಳಿತಾಯಕ್ಕೆ ಹೀಗೆ ಒಂದು ಮಿತಿ ಬಿದ್ದಿದೆ.

ಪಾವತಿಯ ವೇಳೆ

ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಗರ್ಭಿಣಿಯೆಂಬ ಪುರಾವೆ ಒದಗಿಸಿದ ಮೇಲೆ ಮುಂಗಡವಾಗಿಯೇ ಕೊಡಬೇಕು. ಮೇಲಿನ ಉದಾಹರಣೆಯಲ್ಲಿ ಜೂನ್ 1ರಿಂದ ಜುಲೈ 19ರವರೆಗಿನ 49 ದಿನಗಳಿಗೆ 49,000 ರೂಪಾಯಿ. ಉಳಿದ 1,33,000ವನ್ನು ಮಗು ಹುಟ್ಟಿದ ಪುರಾವೆ ತಲುಪಿದ 48 ಗಂಟೆಗಳೊಳಗೆ ಪಾವತಿಸಬೇಕು. ತಿಂಗಳ ಸಂಬಳದಂತೆ ಕಂತುಗಳಲ್ಲಿ ಕೊಡುವ ಪದ್ಧತಿಯನ್ನು ಸಂಹಿತೆ ಹೇಳಿಲ್ಲ. ಮಾಲೀಕರು ಹೆರಿಗೆಯ ಮುಂಚಿನ ಹಾಗೂ ನಂತರದ ಆರೈಕೆಯನ್ನು ಉಚಿತವಾಗಿ ಒದಗಿಸದಿದ್ದಲ್ಲಿ 3,500 ರೂಪಾಯಿಗಳ ವೈದ್ಯಕೀಯ ಬೋನಸ್ ಪ್ರತ್ಯೇಕವಾಗಿ ಸಲ್ಲುತ್ತದೆ.

ಹೆರಿಗೆಗೆ ಮುಂಚೆ ಎಂಟು ವಾರಗಳಿಗಿಂತ ಹೆಚ್ಚು ರಜೆಗೆ ಅವಕಾಶವಿಲ್ಲ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳು ಬದುಕಿರುವ ತಾಯಿಗೆ ಒಟ್ಟು ಅವಧಿ ಹನ್ನೆರಡು ವಾರ, ಅದರಲ್ಲಿ ಹೆರಿಗೆಗೆ ಮುಂಚಿನದು ಗರಿಷ್ಠ ಆರು ವಾರ. ಇದೇ ಕೆಲಸಗಾರ್ತಿಗೆ ಅಂತಹ ಸಂದರ್ಭದಲ್ಲಿ 84 ದಿನಗಳಿಗೆ 84,000 ರೂಪಾಯಿ ಸಲ್ಲುತ್ತಿತ್ತು. ದಿನಗಳ ಸಂಖ್ಯೆ ಬದಲಾಗುತ್ತದೆಯೇ ಹೊರತು ಲೆಕ್ಕದ ಕ್ರಮ ಬದಲಾಗುವುದಿಲ್ಲ. ಆ ಕ್ರಮಕ್ಕೆ ಆಧಾರವಾಗುವುದು ಮೂರು ತಿಂಗಳ ಹಾಜರಿ ಪುಸ್ತಕ ಮತ್ತು ವೇತನ ಪುಸ್ತಕ. ತುಂಡುಗೂಲಿಯ ಘಟಕಗಳಲ್ಲಿ ಪ್ರತಿದಿನದ ಹಾಜರಿಯನ್ನು ಗಳಿಕೆಯ ಜೊತೆಯಲ್ಲೇ ಬರೆದಿಡದಿದ್ದರೆ ಸರಿಯಾದ ಭಾಜಕ ಯಾವುದೆಂಬುದೇ ಸಿಗದಂತಾಗುತ್ತದೆ.