ಈದ್ ಬಟ್ಟೆ: ಕಪ್ಪು ಮೈಬಣ್ಣದವರು ಮೊದಲು ಶಾಲು ಆರಿಸಿ

ಕಂಬದೂರಿನ ನಮ್ಮ ಅಂಗಡಿಗೆ ಪೆರ್ನಾಳ್‌ಗೆ ಮುಂಚೆ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಮಸುಕು ಪೀಚ್ ಬಣ್ಣದ ಚೂಡಿದಾರ್ ಆಗಲೇ ಹೊಲಿಸಿ ಆಗಿತ್ತು, ಅದಕ್ಕೆ ಅದೇ ಬಣ್ಣದ ಶಾಲು ಬೇಕಿತ್ತು. ಹುಡುಗಿಯ ಕಣ್ಣು ಮಾತ್ರ ರಾಣಿ ಕಲರ್ ಮೇಲೆ. "ಅದು ಬೇಡ, ಇನ್ನೂ ಕಪ್ಪಾಗಿ ಕಾಣ್ತೀಯ" ಅಂದರು ತಾಯಿ.

ನಾನು ಎರಡೂ ಶಾಲು ತಗೊಂಡು ಅವರನ್ನು ಬಾಗಿಲ ಹತ್ತಿರ ನೆರಳಿಗೆ ಕರೆದೆ. ಅಂಗಡಿಯ ಬಿಳಿ ಲೈಟಿನಲ್ಲಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಪೀಚ್ ಶಾಲನ್ನು ಗಲ್ಲದ ಕೆಳಗೆ ಹಿಡಿದಾಗ ಕಣ್ಣಿನ ಕೆಳಗಿನ ಮತ್ತು ತುಟಿಯ ಸುತ್ತಲಿನ ಕಪ್ಪು ಎದ್ದು ಕಂಡಿತು, ಕೆನ್ನೆಗೆ ಬೂದಿ ಬಳಿದ ಹಾಗೆ. ರಾಣಿ ಕಲರ್ ಹಿಡಿದಾಗ ಮುಖವೆಲ್ಲ ಒಂದೇ ಸಮ ಕಂಡಿತು. ತಾಯಿ ಏನೂ ಮಾತಾಡಲಿಲ್ಲ, ಬೆಲೆ ಕೇಳಿದರು.

ತಿಳಿ ಬಣ್ಣವೆಲ್ಲ ಕೆಟ್ಟದ್ದೇನಲ್ಲ. ಅಚ್ಚ ಬಿಳಿ ಕಪ್ಪು ಮೈಬಣ್ಣಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ತೊಂದರೆ ಕೊಡುವುದು ಬೂದು ಬೆರೆತ ಮಸುಕು ಬಣ್ಣಗಳು. ಅವುಗಳ ಪಕ್ಕದಲ್ಲಿ ಚರ್ಮದೊಳಗಿನ ಕೆಂಪು-ಕಂದು ಕಳೆಗುಂದುತ್ತದೆ. ಮಾಣಿಕ್ಯ ಕೆಂಪು, ಪಚ್ಚೆ, ನೇರಳೆ, ನವಿಲು ನೀಲಿಗಳಲ್ಲಿ ಬಣ್ಣ ಗಟ್ಟಿಯಾಗಿರುತ್ತದೆ, ಗಾಢ ಚರ್ಮದ ಎದುರು ಸಮನಾಗಿ ನಿಲ್ಲುತ್ತದೆ.

ನಮ್ಮ ಹೆಣ್ಣುಮಕ್ಕಳ ಮುಖಕ್ಕೆ ತಾಗಿಕೊಂಡಿರುವುದು ಶಾಲು, ಡ್ರೆಸ್ ಅಲ್ಲ. ಎರಡು ಸಾವಿರ ಕೊಟ್ಟು ಪಚ್ಚೆ ಬಣ್ಣದ ಡ್ರೆಸ್ ತಗೊಂಡು ಮೇಲೆ ಮಣ್ಣು ಬಣ್ಣದ ಶಾಲು ಸುತ್ತಿದರೆ ದುಡ್ಡು ದಂಡ. ಹೊಲಿಸಿದ ಡ್ರೆಸ್ ಒಪ್ಪದಿದ್ದರೂ ಶಾಲು ಬದಲಿಸಿದರೆ ಸಾಕಾಗುತ್ತದೆ.

ನಮ್ಮ ಕಡೆಯ ಧರ್ಮಾವರಂ ಪಟ್ಟೆ ಸೀರೆ ನೋಡಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದರೆ ಮಡಿಕೆ ತಿರುಗಿದ ಹಾಗೆ ಎರಡೂ ಬಣ್ಣ ಮಿಂಚುತ್ತವೆ. ತುಂಬಾ ಗಾಢ ಮೈಬಣ್ಣದವರಿಗೆ ನಾನು ಇದನ್ನೇ ಹೇಳುತ್ತೇನೆ. ಕಪ್ಪಿಗೆ ಹತ್ತಿರದ ಬಾಟಲ್ ಗ್ರೀನ್ ರಾತ್ರಿ ಮದುವೆ ಹಾಲಿನಲ್ಲಿ ಕಪ್ಪಾಗಿಯೇ ಕಾಣುತ್ತದೆ, ನೀಲಿ-ಹಸಿರು ಬೆರೆತ ನೇಯ್ಗೆ ಹಾಗಾಗುವುದಿಲ್ಲ.

ಹೊಳೆಯುವ ಸ್ಯಾಟಿನ್‌ನಲ್ಲಿ ಗಿಣಿ ಹಸಿರಿನಂಥ ಕಣ್ಣು ಕುಕ್ಕುವ ಬಣ್ಣ ಬೇಡ. ಬಟ್ಟೆಯ ಬೆಳಕು ಗಲ್ಲಕ್ಕೆ ಬಡಿದು ಮುಖವೂ ಹಸಿರಾಗುತ್ತದೆ. ಅದೇ ಬಣ್ಣ ಹೊಳಪಿಲ್ಲದ ಕಾಟನ್‌ನಲ್ಲಿ ಅಷ್ಟು ತೊಂದರೆ ಕೊಡುವುದಿಲ್ಲ. ಹುಡುಗರ ಕುರ್ತಾ ಕಾಲರಿಗೂ ಇದೇ ಲೆಕ್ಕ.

ರಾಣಿ ಕಲರ್, ವೈನ್ ಕೊಳ್ಳುವಾಗ ಶಾಲಿನ ಮೂಲೆಯನ್ನು ಒದ್ದೆ ಮಾಡಿ ಬಿಳಿ ಕರ್ಚೀಫಿನಲ್ಲಿ ಒತ್ತಿ ನೋಡಿ. ಕರ್ಚೀಫಿಗೆ ಬಣ್ಣ ಅಂಟಿದರೆ ಬೆವರಿಗೂ ಬಿಡುತ್ತದೆ, ಕೆಳಗಿರುವ ತಿಳಿ ಡ್ರೆಸ್ ಹಾಳಾಗುತ್ತದೆ. ಆ ಹುಡುಗಿಯ ಶಾಲನ್ನೂ ಹಾಗೆ ಒತ್ತಿ ನೋಡಿದೆವು. ಮೊದಲನೆಯದು ಬಣ್ಣ ಬಿಟ್ಟಿತು, ಬೇರೆ ಕಂಪನಿಯ ಇನ್ನೊಂದು ಬಿಡಲಿಲ್ಲ. ಅದನ್ನೇ ಕೊಟ್ಟೆ.